ಬೀಗ ತೆಗೆದ ಬಾಗಿಲು: ಒಂದು ಪ್ರೌಢಶಾಲೆ, ಒಂದು ಮಗು, ಮೂರು ವರ್ಷ

ಇದು ರಾಜ್ಯದ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ 2022ರ ಜೂನ್‌ನಿಂದ 2025ರ ಮಾರ್ಚ್‌ವರೆಗೆ ನಡೆದ ಪ್ರಕರಣ. ನಾನು ಆಗ ಅಲ್ಲಿ ಮುಖ್ಯ ಶಿಕ್ಷಕಿಯಾಗಿದ್ದೆ. ಮಗುವಿನ ಗುರುತು ಸಿಗಬಾರದೆಂದು ಹೆಸರನ್ನೂ ಕೆಲವು ಸಣ್ಣಪುಟ್ಟ ವಿವರಗಳನ್ನೂ ಬದಲಿಸಿದ್ದೇನೆ. ನಾವು ಮಾಡಿದ ತಪ್ಪುಗಳನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ, ಏಕೆಂದರೆ ಬೇರೆ ಶಾಲೆಯವರಿಗೆ ಉಪಯೋಗಕ್ಕೆ ಬರುವುದು ಅವೇ.

ಮಗುವನ್ನು ಇಲ್ಲಿ ಕಿರಣ ಎಂದು ಕರೆಯುತ್ತೇನೆ. ದಾಖಲೆಯಲ್ಲಿದ್ದದ್ದು ಕಿರಣ್ ಕುಮಾರ್ ಎಸ್., ಲಿಂಗದ ಕಲಂನಲ್ಲಿ ‘ಗಂಡು’. ಏಳನೆಯ ತರಗತಿ ಮುಗಿಸಿ ಎಂಟನೆಯದಕ್ಕೆ ಸೇರಲು ತಾಯಿಯ ಜೊತೆ ಬಂದಾಗ ವಯಸ್ಸು ಹದಿಮೂರು. ತಾಯಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದರು, ಮಗು ಬಾಗಿಲಲ್ಲೇ ನಿಂತಿತ್ತು. “ಯಾಕಪ್ಪಾ ಅಲ್ಲೇ ನಿಂತೆ, ಒಳಗೆ ಬಾರೋ” ಎಂದೆ. ಮಗು ಒಳಗೆ ಬರಲಿಲ್ಲ. ತಾಯಿ ತಗ್ಗಿದ ಧ್ವನಿಯಲ್ಲಿ, “ಮೇಡಂ, ‘ಬಾರೋ’ ಎಂದರೆ ಬರುವುದಿಲ್ಲ. ಸುಮ್ಮನೆ ‘ಬಾ’ ಎನ್ನಿ” ಎಂದರು. ಇಡೀ ಪ್ರಕರಣ ಆ ಒಂದು ಅಕ್ಷರದಲ್ಲಿತ್ತು ಎನ್ನುವುದು ನನಗೆ ತಿಳಿಯಲು ಮೂರು ತಿಂಗಳು ಬೇಕಾಯಿತು.

ಮಗು ಚಿಕ್ಕಂದಿನಿಂದ ತಾನು ಹುಡುಗಿ ಎಂದೇ ಹೇಳುತ್ತಿತ್ತಂತೆ. ಹೊಡೆದರು, ಹರಕೆ ಹೊತ್ತರು, ತಲೆ ಬೋಳಿಸಿದರು. ಆರನೆಯ ತರಗತಿಯ ಹೊತ್ತಿಗೆ ಮಗು ಮಾತನ್ನೇ ನಿಲ್ಲಿಸಿತು. ಆಗ ತಾಯಿ ಸೋತರು, ಅಥವಾ ಗೆದ್ದರು. ತಂದೆ ಮಾತ್ರ ಈ ವಿಷಯ ಮನೆಯಲ್ಲಿ ಎತ್ತುವುದೇ ಬೇಡ ಎನ್ನುತ್ತಿದ್ದರು. ನಮ್ಮಲ್ಲಿಗೆ ಬರುವ ಮೊದಲು ಎರಡು ಶಾಲೆಗಳಿಗೆ ಹೋಗಿದ್ದರು. ಒಂದರಲ್ಲಿ ಸೀಟು ಭರ್ತಿಯಾಗಿದೆ ಎಂದರು. ಇನ್ನೊಂದರಲ್ಲಿ ವೈದ್ಯರ ಪತ್ರ ತನ್ನಿ ಎಂದರು.

ನಾನೂ ಬೇರೆಯವಳಾಗಿರಲಿಲ್ಲ. “ಡಾಕ್ಟರಿಗೆ ತೋರಿಸಿದ್ದೀರಾ?” ಎಂದು ಕೇಳಿಯೇಬಿಟ್ಟೆ. ಸಂಜೆ ಪರಿಚಯದ ಮನೋವೈದ್ಯರೊಬ್ಬರಿಗೆ ಫೋನ್ ಮಾಡಿದಾಗ ಅವರು ನಕ್ಕರು. “ಯಾವ ಕಾಯಿಲೆಗೆ ಪತ್ರ ಬರೆಯಲಿ ಮೇಡಂ? ವಿಶ್ವ ಆರೋಗ್ಯ ಸಂಸ್ಥೆಯ ಹೊಸ ಪಟ್ಟಿ ಈ ಜನವರಿಯಿಂದ ಜಾರಿಯಲ್ಲಿದೆ. ಅದರಲ್ಲಿ ಇದು ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲಿಲ್ಲ” ಎಂದರು. ಆ ವರ್ಷವೇ ಆಗಸ್ಟ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಇಂಥವರನ್ನು ‘ಸರಿಪಡಿಸುವ’ ಚಿಕಿತ್ಸೆ ಕೊಡುವುದು ವೃತ್ತಿ ದುರ್ನಡತೆ ಎಂದು ರಾಜ್ಯ ವೈದ್ಯಕೀಯ ಮಂಡಳಿಗಳಿಗೆ ತಿಳಿಸಿತು. ನಾನು ಕೇಳಿದ ಪತ್ರವನ್ನು ಕೊಡುವ ವೈದ್ಯರೇ ಇರಬಾರದಿತ್ತು.

ಪ್ರವೇಶ

ಪ್ರವೇಶದ ವಿಷಯದಲ್ಲಿ ನಾವು ಮಾಡಬೇಕಾದದ್ದು ಏನೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಹೆಚ್ಚಿನ ಮುಖ್ಯ ಶಿಕ್ಷಕರು ಇಲ್ಲೇ ಬೆದರುತ್ತಾರೆ. ವರ್ಗಾವಣೆ ಪತ್ರ ಇತ್ತು, ಆಧಾರ್ ಇತ್ತು, ಶಿಕ್ಷಣ ಇಲಾಖೆಯ ವಿದ್ಯಾರ್ಥಿ ದಾಖಲೆಯ ಸ್ಯಾಟ್ಸ್ ಸಂಖ್ಯೆ ಇತ್ತು. ಹಿಂದಿನ ಶಾಲೆಯಿಂದ ಆನ್‌ಲೈನ್‌ನಲ್ಲಿ ವಿದ್ಯಾರ್ಥಿಯನ್ನು ಬರಮಾಡಿಕೊಂಡರೆ ಹೆಸರೂ ಲಿಂಗವೂ ಹಳೆಯ ದಾಖಲೆಯಿಂದ ತಾವಾಗಿಯೇ ಬರುತ್ತವೆ. ಅದನ್ನು ಆ ದಿನವೇ ತಿದ್ದಬೇಕು ಎಂದು ಯಾರೂ ಕೇಳಿರಲಿಲ್ಲ, ತಾಯಿಯೂ ಕೇಳಿರಲಿಲ್ಲ. ಅವರು ಕೇಳಿದ್ದು ಮೂರೇ ವಿಷಯ: ಕೂದಲು ಕತ್ತರಿಸಬಾರದು, ಹುಡುಗರ ಶೌಚಾಲಯಕ್ಕೆ ಕಳಿಸಬಾರದು, ತರಗತಿಯಲ್ಲಿ ‘ಕುಮಾರ್’ ಎಂದು ಕೂಗಬಾರದು.

ಕಾನೂನನ್ನು ನಾನು ಆಮೇಲೆ ಓದಿದೆ. 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಅಂದರೆ ನಾಲ್ಸಾ ಹೂಡಿದ ಪ್ರಕರಣದಲ್ಲಿ ತೀರ್ಪು ಕೊಟ್ಟು, ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಎಂದು ಹೇಳಿಕೊಳ್ಳುವ ಹಕ್ಕು ಆಯಾ ವ್ಯಕ್ತಿಯದೇ ಎಂದಿತ್ತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂದಿತು. ಅದರ ಮೂರನೆಯ ಸೆಕ್ಷನ್ ಶಾಲೆಗಳಲ್ಲಿ ತಾರತಮ್ಯವನ್ನು ನಿಷೇಧಿಸುತ್ತದೆ. ಹದಿಮೂರನೆಯದು, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಪ್ರತಿ ಶಾಲೆಯೂ ಇಂಥ ಮಕ್ಕಳಿಗೆ ಇತರರ ಜೊತೆಯಲ್ಲೇ ಓದು ಮತ್ತು ಆಟದ ಅವಕಾಶ ಕೊಡಬೇಕು ಎನ್ನುತ್ತದೆ. ಜಿಲ್ಲಾಧಿಕಾರಿಗಳಿಂದ ಗುರುತಿನ ಪ್ರಮಾಣಪತ್ರ ಪಡೆಯುವ ದಾರಿಯೂ ಅದರಲ್ಲಿತ್ತು, ಅಪ್ರಾಪ್ತ ವಯಸ್ಕರ ಪರವಾಗಿ ಪೋಷಕರು ಅರ್ಜಿ ಹಾಕಬೇಕಿತ್ತು. ಆದರೆ ಶೌಚಾಲಯದ ಬಾಗಿಲು ತೆರೆಯಲು, ಕೂದಲು ಬಿಡಲು ಆ ಪ್ರಮಾಣಪತ್ರ ಬೇಕೆಂದು ನಾನು ಓದಿದ ಯಾವ ಸೆಕ್ಷನ್ನಿನಲ್ಲೂ ಇರಲಿಲ್ಲ.

ಕಾನೂನು ಇದೆ, ಸರಿ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಏನು ಮಾಡಬೇಕು ಎನ್ನುವುದು ಅದರಲ್ಲಿಲ್ಲ. ಎನ್‌ಸಿಇಆರ್‌ಟಿ 2021ರಲ್ಲಿ ಶಿಕ್ಷಕರಿಗಾಗಿ ಒಂದು ಕೈಪಿಡಿ ಹೊರತಂದಿತ್ತು. ಆಕ್ಷೇಪಗಳು ಬಂದು ಅದು ಜಾಲತಾಣದಿಂದ ಕೆಳಗಿಳಿಯಿತು. ಹಾಗಾಗಿ ನಮ್ಮ ಶಾಲೆಯ ಕೈಪಿಡಿಯನ್ನು ನಾವೇ ಬರೆಯಬೇಕಾಯಿತು, ಒದ್ದಾಡುತ್ತ.

ಯಾರಿಗೆ ಹೇಳುವುದು, ಯಾರಿಗೆ ಬಿಡುವುದು? ತಾಯಿಯನ್ನೂ ಮಗುವನ್ನೂ ಕೇಳಿ ಪಟ್ಟಿ ಮಾಡಿದೆವು. ತರಗತಿ ಶಿಕ್ಷಕಿ, ದೈಹಿಕ ಶಿಕ್ಷಣ ಶಿಕ್ಷಕರು, ಶೌಚಾಲಯ ನೋಡಿಕೊಳ್ಳುವ ಆಯಮ್ಮ, ನಾನು. ನಾಲ್ಕೇ ಜನ. ಆಯಮ್ಮನ ಹೆಸರು ಹೇಳಿದ್ದು ಮಗು. ನನಗೆ ಹೊಳೆದೇ ಇರಲಿಲ್ಲ.

ಕೂದಲು ಮತ್ತು ಬಟ್ಟೆ

ಹಿಜಾಬ್ ವಿವಾದದಿಂದಾಗಿ ಆ ವರ್ಷ ಸಮವಸ್ತ್ರ ಎಂಬ ಪದವೇ ಬೆಂಕಿಯಂತಿತ್ತು. ಫೆಬ್ರುವರಿಯಲ್ಲಿ ಸರ್ಕಾರದ ಆದೇಶ, ಮಾರ್ಚ್‌ನಲ್ಲಿ ಹೈಕೋರ್ಟ್ ತೀರ್ಪು ಬಂದಿದ್ದವು. ಸಮವಸ್ತ್ರದ ನಿಯಮ ಮುಟ್ಟುತ್ತೇನೆ ಎಂದರೆ ಆಡಳಿತ ಮಂಡಳಿ ಬೆಚ್ಚಿಬೀಳುವ ಕಾಲ ಅದು. ಆದರೆ ಅದೇ ಆದೇಶದಲ್ಲಿ, ಖಾಸಗಿ ಶಾಲೆಗಳಲ್ಲಿ ಆಡಳಿತ ಮಂಡಳಿ ನಿಗದಿಪಡಿಸಿದ್ದೇ ಸಮವಸ್ತ್ರ ಎಂದಿತ್ತು. ಅಂದರೆ ನಿಗದಿಪಡಿಸುವುದು ನಮ್ಮ ಕೈಯಲ್ಲೇ ಇತ್ತು.

ನಮ್ಮಲ್ಲಿ ಹುಡುಗರಿಗೆ ಪ್ಯಾಂಟ್ ಶರ್ಟ್, ಹುಡುಗಿಯರಿಗೆ ಚೂಡಿದಾರ್ ಮತ್ತು ಮೇಲೊಂದು ಕೋಟು. ಶನಿವಾರ ಮಾತ್ರ ಎಲ್ಲರಿಗೂ ಟ್ರ್ಯಾಕ್ ಪ್ಯಾಂಟ್, ಟೀ ಶರ್ಟ್. ಕಿರಣಳಿಗೊಬ್ಬಳಿಗೆ ವಿನಾಯಿತಿ ಪತ್ರ ಬರೆದುಕೊಟ್ಟರೆ ಸುಲಭ ಎಂದು ಮೊದಲು ಅನಿಸಿತು. ಆದರೆ ವಿನಾಯಿತಿ ಪತ್ರ ಎನ್ನುವುದು ಮಗುವಿನ ಜೇಬಿನಲ್ಲಿರುವ ಗುರುತುಚೀಟಿ. ಪ್ರತಿ ಹೊಸ ಶಿಕ್ಷಕರಿಗೂ ತೆಗೆದು ತೋರಿಸಬೇಕು, ತೋರಿಸಿದಾಗಲೆಲ್ಲ ಅಕ್ಕಪಕ್ಕದವರು ನೋಡುತ್ತಾರೆ. ಆದ್ದರಿಂದ ನಿಯಮವನ್ನೇ ಎಲ್ಲರಿಗಾಗಿ ತಿದ್ದಿದೆವು. ಹೊಸ ಸುತ್ತೋಲೆಯಲ್ಲಿ ಬಾಲಕ, ಬಾಲಕಿ ಎಂಬ ಪದಗಳೇ ಇರಲಿಲ್ಲ. ‘ಶಾಲೆ ನಿಗದಿಪಡಿಸಿದ ಮೂರು ಉಡುಪುಗಳಲ್ಲಿ ಯಾವುದನ್ನಾದರೂ ಯಾವ ದಿನವಾದರೂ ಧರಿಸಬಹುದು’ ಎಂದು ಒಂದೇ ಸಾಲು. ಕಾರಣವಾಗಿ ಸೈಕಲ್ಲಿನಲ್ಲಿ ಬರುವ ಹೆಣ್ಣುಮಕ್ಕಳ ಅನುಕೂಲವನ್ನು ಬರೆದೆವು. ಅದು ಸುಳ್ಳೂ ಆಗಿರಲಿಲ್ಲ, ಎರಡು ವರ್ಷದಿಂದ ಆ ಮಕ್ಕಳು ಕೇಳುತ್ತಲೇ ಇದ್ದರು. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಕೇಳಿದ್ದು ಒಂದೇ ಪ್ರಶ್ನೆ: “ಹೊಸ ಬಟ್ಟೆ ಹೊಲಿಸಬೇಕೆ?” ಬೇಡ ಎಂದೆ. ಸಹಿ ಮಾಡಿದರು.

ಜುಲೈ ಮುಗಿಯುವ ಹೊತ್ತಿಗೆ ಅರ್ಧಕ್ಕರ್ಧ ಮಕ್ಕಳು ದಿನವೂ ಟ್ರ್ಯಾಕ್ ಪ್ಯಾಂಟಿನಲ್ಲಿದ್ದರು. ಆ ಗುಂಪಿನಲ್ಲಿ ಕಿರಣ ಕಾಣೆಯಾದಳು. ನಮಗೆ ಬೇಕಿದ್ದದ್ದು ಅದೇ.

ಕೂದಲಿನ ವಿಷಯ ಅಷ್ಟು ಸಲೀಸಾಗಲಿಲ್ಲ. ಸೋಮವಾರದ ತಪಾಸಣೆಯಲ್ಲಿ ದೈಹಿಕ ಶಿಕ್ಷಣದ ಮೇಷ್ಟ್ರು ಹುಡುಗರ ಕಿವಿಯ ಹಿಂದೆ ಬೆರಳಿಟ್ಟು ನೋಡುತ್ತಿದ್ದರು. ಬೆರಳಿಗೆ ಕೂದಲು ಸಿಕ್ಕರೆ ಆ ಹುಡುಗನನ್ನು ಮನೆಗೆ ಕಳಿಸುತ್ತಿದ್ದರು. ಗಂಡುಮಗುವೆಂದು ದಾಖಲಾಗಿ ಹೆಣ್ಣಾಗಿ ಬದುಕುವ ಮಗುವಿಗೆ ಮೊದಲ ಹೋರಾಟ ಸಾಮಾನ್ಯವಾಗಿ ಬಟ್ಟೆಯದಲ್ಲ, ಕೂದಲಿನದು. ಬಟ್ಟೆಯನ್ನು ಸಂಜೆ ಬದಲಿಸಬಹುದು. ಕತ್ತರಿಸಿದ ಕೂದಲು ಬರಲು ತಿಂಗಳುಗಳು ಬೇಕು. ನಿಯಮವನ್ನು ‘ಕೂದಲು ಕಣ್ಣಿಗೆ ಬೀಳದಂತೆ ಕತ್ತರಿಸಿರಬೇಕು ಅಥವಾ ಕಟ್ಟಿರಬೇಕು’ ಎಂದು ಎಲ್ಲರಿಗೂ ಅನ್ವಯಿಸುವಂತೆ ಬದಲಿಸಿದೆ. ಮೇಷ್ಟ್ರು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಹತ್ತನೆಯ ತರಗತಿಯ ಏಳೆಂಟು ಹುಡುಗರು ತಕ್ಷಣ ಜುಟ್ಟು ಬಿಟ್ಟರು. ಶಿಸ್ತು ಹಾಳಾಯಿತು ಎಂದು ಸಿಬ್ಬಂದಿ ಸಭೆಯಲ್ಲಿ ಗದ್ದಲವಾಯಿತು. ಆ ಜುಟ್ಟುಗಳನ್ನು ನೋಡಿದರೆ ನನಗೂ ಕಿರಿಕಿರಿಯಾಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಕಿರಣಳ ಕೂದಲಿನ ಬಗ್ಗೆ ಆ ಗದ್ದಲದಲ್ಲಿ ಯಾರೂ ಒಂದು ಮಾತೂ ಆಡಲಿಲ್ಲ.

ನೀರಿನ ಬಾಟಲಿ

ಶೌಚಾಲಯದಲ್ಲಿ ನಾವು ಎಡವಿದೆವು.

ಹುಡುಗರ ಶೌಚಾಲಯದಲ್ಲಿ ಗೋಡೆಗೆ ಸಾಲಾಗಿ ಆರು ಮೂತ್ರಿಗಳು, ನಡುವೆ ಅಡ್ಡಗೋಡೆ ಇಲ್ಲ. ಬಾಗಿಲಿರುವ ಕೋಣೆಗಳು ಎರಡು, ಅವುಗಳಲ್ಲಿ ಒಂದರ ಚಿಲಕ ಕಿತ್ತುಹೋಗಿ ವರ್ಷವಾಗಿತ್ತು. ಕಿರಣ ಅಲ್ಲಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ. ಸಿಬ್ಬಂದಿಯ ಶೌಚಾಲಯ ಬಳಸಲಿ ಎಂದು ನಾನೇ ಉದಾರವಾಗಿ ಅಪ್ಪಣೆ ಕೊಟ್ಟೆ. ಕೆಲಸ ಮುಗಿಯಿತು ಎಂದುಕೊಂಡೆ.

ಆಗಸ್ಟ್ ಕೊನೆಯಲ್ಲಿ ತರಗತಿ ಶಿಕ್ಷಕಿ ಹಾಜರಿ ಪುಸ್ತಕ ತಂದು ಮುಂದಿಟ್ಟರು. ನಮ್ಮಲ್ಲಿ ಹಾಜರಿ ದಿನಕ್ಕೆರಡು ಬಾರಿ. ಕಿರಣ ಬೆಳಿಗ್ಗೆ ಎಲ್ಲ ದಿನವೂ ಹಾಜರು. ಮಧ್ಯಾಹ್ನ ಮಾತ್ರ ಹದಿನೆಂಟು ದಿನಗಳಲ್ಲಿ ಹನ್ನೊಂದು ದಿನ ಗೈರು. ನಾನು ಅದನ್ನು ಓದಿನಲ್ಲಿ ಆಸಕ್ತಿ ಇಲ್ಲದ್ದು ಎಂದು ಓದಿಕೊಂಡೆ. ಸರಿಯಾಗಿ ಓದಿದ್ದು ಆಯಮ್ಮ. “ಮೇಡಂ, ಆ ಮಗುವಿನ ಬಾಟಲಿ ನೋಡಿದ್ದೀರಾ? ಬೆಳಿಗ್ಗೆ ತುಂಬಿ ತರುತ್ತದೆ, ಸಂಜೆ ತುಂಬಿದ್ದನ್ನೇ ಒಯ್ಯುತ್ತದೆ” ಎಂದರು.

ಮಗು ಇಡೀ ದಿನ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗಬೇಕಾಗುತ್ತದೆ, ಅದಕ್ಕೆ. ತಡೆಯಲಾಗದ ದಿನ ಊಟದ ಬಿಡುವಿನಲ್ಲಿ ಮನೆಗೆ ಹೋಗಿ ಅಲ್ಲೇ ಉಳಿದುಬಿಡುತ್ತಿತ್ತು. ಎರಡು ಬಾರಿ ಮೂತ್ರದ ಸೋಂಕಾಗಿ ಜ್ವರ ಬಂದಿತ್ತೆಂದು ತಾಯಿ ಆಮೇಲೆ ಹೇಳಿದರು. ಸಿಬ್ಬಂದಿಯ ಶೌಚಾಲಯಕ್ಕೆ ಏಕೆ ಹೋಗಲಿಲ್ಲ ಎಂದು ಕೇಳಿದೆ. ಉತ್ತರಕ್ಕೆ ಬದಲು ಕಿರಣ ನನ್ನನ್ನು ಆ ದಾರಿಯಲ್ಲಿ ನಡೆಸಿಕೊಂಡು ಹೋದಳು. ತರಗತಿಯಿಂದ ಹೊರಟು ಒಂಬತ್ತನೆಯ ತರಗತಿಯ ಎರಡೂ ವಿಭಾಗಗಳ ಕಿಟಕಿ ದಾಟಬೇಕು. ನಂತರ ಕಚೇರಿ, ಅದರ ಮುಂದೆ ಶುಲ್ಕ ಕಟ್ಟಲು ನಿಂತ ಪೋಷಕರು. ಆಮೇಲೆ ಶಿಕ್ಷಕರ ಕೊಠಡಿಯ ಒಳಗಿಂದಲೇ ಹಾದು ಹೋಗಬೇಕು. ಅಲ್ಲಿಗೆ ಹೋಗುವ ಒಂದೇ ಒಂದು ವಿದ್ಯಾರ್ಥಿ ಕಿರಣ. ಹುಡುಗರು ‘ವಿಐಪಿ’ ಎಂದು ಹೆಸರಿಟ್ಟಿದ್ದರು. ನಾನು ಸವಲತ್ತು ಎಂದುಕೊಂಡದ್ದು ದಿನಕ್ಕೆ ಮೂರು ಬಾರಿಯ ಮೆರವಣಿಗೆಯಾಗಿತ್ತು.

ನಮ್ಮ ಕಟ್ಟಡದ ಮೂಲೆಯಲ್ಲಿ ಇಳಿಜಾರು ಹಾದಿಯಿರುವ ಇನ್ನೊಂದು ಶೌಚಾಲಯವಿತ್ತು, ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದು ಕಟ್ಟಿದ್ದು. ಹಲವು ಶಾಲೆಗಳಲ್ಲಿ ಇದು ಇರುತ್ತದೆ, ಹಲವು ಶಾಲೆಗಳಲ್ಲಿ ಇದಕ್ಕೆ ಬೀಗವೂ ಇರುತ್ತದೆ. ನಮ್ಮದರಲ್ಲಿ ಪೊರಕೆಗಳು, ಹೈಜಂಪಿನ ಹರಿದ ಹಾಸಿಗೆ, ಹಳೆಯ ಉತ್ತರಪತ್ರಿಕೆಗಳ ಗಂಟು ಇದ್ದವು. ಬೀಗದ ಕೈ ನನ್ನ ಮೇಜಿನಲ್ಲಿತ್ತು. ಒಂದು ಶನಿವಾರ ಖಾಲಿ ಮಾಡಿಸಿದೆವು. ಒಳಗೆ ಗಟ್ಟಿ ಚಿಲಕ, ನಲ್ಲಿ, ಮುಚ್ಚಳವಿರುವ ಕಸದ ಬುಟ್ಟಿ, ಬಟ್ಟೆ ತೂಗುಹಾಕಲು ಎರಡು ಕೊಕ್ಕೆ. ಹೊರಗಿನ ಬೀಗದ ಕೊಂಡಿಯನ್ನೇ ಕೀಳಿಸಿದೆ. ಬೀಗ ಇದ್ದರೆ ಕೈ ಕೇಳಬೇಕು, ಕೇಳಿದರೆ ಕಾರಣ ಹೇಳಬೇಕು. ಬೋರ್ಡಿನಲ್ಲಿ ‘ಶೌಚಾಲಯ’ ಎಂದಷ್ಟೇ ಬರೆಸಿ, ಗಾಲಿಕುರ್ಚಿಯ ಚಿತ್ರವನ್ನು ಹಾಗೆಯೇ ಉಳಿಸಿ, ಕೆಳಗೆ ‘ನಡೆಯಲು ಕಷ್ಟವಿರುವವರಿಗೆ ಮೊದಲ ಆದ್ಯತೆ, ಉಳಿದಂತೆ ಯಾರಾದರೂ ಬಳಸಬಹುದು’ ಎಂದು ಸೇರಿಸಿದೆವು.

ಆ ‘ಯಾರಾದರೂ’ ಬಳಸದೇ ಹೋದರೆ ಅದೂ ಇನ್ನೊಂದು ವಿಐಪಿ ಬಾಗಿಲಾಗುತ್ತದೆ ಎಂಬ ಅಂಜಿಕೆ ನನಗಿತ್ತು. ಒಂದು ವಾರ ಗಮನಿಸಿದೆವು. ಮೊದಲು ಹೋದದ್ದು ಕಾಲಿಗೆ ಪಟ್ಟಿ ಹಾಕಿದ್ದ ಒಬ್ಬ ಹುಡುಗ. ಆಮೇಲೆ ಮುಟ್ಟಿನ ದಿನಗಳಲ್ಲಿ ಸಾಲಿನಲ್ಲಿ ಕಾಯಲಾಗದ ಹುಡುಗಿಯರು. ಆಶ್ಚರ್ಯವೆಂದರೆ ಎಂಟನೆಯ ತರಗತಿಯ ಪುಟ್ಟ ಹುಡುಗರು. ಮೂತ್ರಿಗಳ ಮುಂದೆ ದೊಡ್ಡ ಹುಡುಗರು ಹಿಂದಿನಿಂದ ತಳ್ಳುತ್ತಿದ್ದುದರಿಂದ ಅವರಲ್ಲೂ ಕೆಲವರು ದಿನವಿಡೀ ತಡೆದುಕೊಳ್ಳುತ್ತಿದ್ದರಂತೆ. ಇಷ್ಟು ವರ್ಷ ನಾವು ಯಾರೂ ಕೇಳಿರಲಿಲ್ಲ. ಹುಡುಗರ ಶೌಚಾಲಯದ ಚಿಲಕವನ್ನೂ ಅದೇ ವಾರ ಹಾಕಿಸಿದೆವು.

ಉಳಿದ ತೊಡಕು ಸಮಯದ್ದು. ಹತ್ತು ನಿಮಿಷದ ಬಿಡುವಿನಲ್ಲಿ ಒಂದು ಕೋಣೆಗೆ ಎಷ್ಟು ಜನ ಹೋದಾರು? ಅದಕ್ಕೆ ಪ್ರತಿ ತರಗತಿಯ ಬಾಗಿಲ ಮೊಳೆಗೆ ಒಂದು ಮರದ ಬಿಲ್ಲೆ ತೂಗುಹಾಕಿದೆವು. ಪಾಠ ನಡೆಯುತ್ತಿದ್ದರೂ ಬಿಲ್ಲೆ ತೆಗೆದುಕೊಂಡು ಹೋಗಬಹುದು, ಕೇಳಬೇಕಿಲ್ಲ, ಒಂದು ಹೊತ್ತಿಗೆ ಒಬ್ಬರು. ಗಣಿತದ ಮೇಷ್ಟ್ರು ಮಕ್ಕಳು ದುರುಪಯೋಗ ಮಾಡುತ್ತಾರೆ ಎಂದರು. ಮಾಡಿದರು, ಮೊದಲ ಹದಿನೈದು ದಿನ. ಆಮೇಲೆ ಬಿಲ್ಲೆಗೆ ಹೊಸತನ ಹೋಯಿತು. ಅಕ್ಟೋಬರ್‌ನಲ್ಲಿ ಕಿರಣಳ ಮಧ್ಯಾಹ್ನದ ಗೈರು ಒಂದು ದಿನ, ಅದೂ ಅಜ್ಜಿಯ ಮನೆಗೆ ಹೋಗಿದ್ದರಿಂದ.

ಹುಡುಗಿಯರ ಶೌಚಾಲಯವನ್ನು ಏಕೆ ಕೊಡಲಿಲ್ಲ ಎಂದು ಓದುವವರು ಕೇಳಬಹುದು. ಎಂಟನೆಯ ತರಗತಿಯಲ್ಲಿ ಕಿರಣ ಅದನ್ನು ಕೇಳಲಿಲ್ಲ. ತನ್ನ ಜೊತೆ ಏಳನೆಯ ತರಗತಿಯವರೆಗೆ ಓದಿದ ನಾಲ್ಕು ಹುಡುಗಿಯರು ಅಲ್ಲಿದ್ದರು, ಅವರ ಕಣ್ಣಿಗೆ ಅವಳು ಹೆದರುತ್ತಿದ್ದಳು. ಕೇಳಿದ್ದರೆ ಇಲ್ಲ ಎನ್ನಲು ನನ್ನ ಬಳಿ ನ್ಯಾಯವಾದ ಕಾರಣವಿರಲಿಲ್ಲ. ಅಲ್ಲಿ ಪ್ರತಿ ಕೋಣೆಗೂ ಪೂರ್ತಿ ಬಾಗಿಲಿತ್ತು. ಆದರೆ ಮಗು ಕೇಳದ್ದನ್ನು ತತ್ವಕ್ಕಾಗಿ ಮಗುವಿನ ಮೇಲೆ ಹೇರುವುದೂ ಬೇಡವೆನಿಸಿತು.

ಹೆಸರು

ತರಗತಿ ಶಿಕ್ಷಕಿ ಹಾಜರಿ ಪುಸ್ತಕದಲ್ಲಿ ‘ಕಿರಣ ಎಸ್.’ ಎಂದು ಬರೆದುಕೊಂಡರು. ದಾಖಲಾತಿ ವಹಿ ಮುಟ್ಟಲಿಲ್ಲ. ಅದನ್ನು ಮುಖ್ಯ ಶಿಕ್ಷಕರು ತಮ್ಮ ಪೆನ್ನಿನಿಂದ ತಿದ್ದುವಂತಿಲ್ಲ, ತಿದ್ದಿದರೆ ಮುಂದೆ ತೊಂದರೆಗೆ ಸಿಕ್ಕಿಕೊಳ್ಳುವುದು ಮಗುವೇ. ಕೂಗುವ ಹೆಸರನ್ನು ಚಿಕ್ಕದು ಮಾಡುವುದು ನಮ್ಮಲ್ಲಿ ಹೊಸದಲ್ಲ. ವೆಂಕಟೇಶಪ್ಪನನ್ನು ವೆಂಕಿ ಎಂದು ಕೂಗುವ ಶಾಲೆಗೆ ಕಿರಣ್ ಕುಮಾರನನ್ನು ಕಿರಣ ಎನ್ನಲು ಯಾರ ಅನುಮತಿ ಬೇಕು?

ಆದರೆ ಸೆಪ್ಟೆಂಬರ್‌ನಲ್ಲಿ ಬದಲಿಯಾಗಿ ಬಂದ ಶಿಕ್ಷಕರೊಬ್ಬರು ಪರೀಕ್ಷೆಯ ಅಂಕಪಟ್ಟಿಯನ್ನು ಕಂಪ್ಯೂಟರಿನಿಂದ ಮುದ್ರಿಸಿ ತಂದು ಪೂರ್ತಿ ಹೆಸರು ಕೂಗಿದರು. ಉತ್ತರ ಬರಲಿಲ್ಲ. “ಯಾವನೋ ಅವನು ಕಿರಣ್ ಕುಮಾರ್, ಎದ್ದು ನಿಲ್ಲೋ” ಎಂದರು. ಕಿರಣ ಎದ್ದು ನಿಂತಳು. ಮುಂದಿನ ನಾಲ್ಕು ದಿನ ‘ನಿಲ್ಲೋ’ ಎನ್ನುವುದೇ ತರಗತಿಯ ಹಾಡಾಯಿತು. ಆ ಶಿಕ್ಷಕರದು ತಪ್ಪೆನ್ನಲಾರೆ, ಅವರಿಗೆ ನಾವು ಏನನ್ನೂ ಹೇಳಿರಲಿಲ್ಲ. ನಾಲ್ವರ ಗುಟ್ಟು ಐದನೆಯವರ ಬಾಯಲ್ಲಿ ಒಡೆಯಿತು.

ಇನ್ನಷ್ಟು ಜನರಿಗೆ ಹೇಳುವುದೇ ಪರಿಹಾರ ಎಂದು ನನಗೆ ಅನಿಸಿತು. ತಾಯಿ ಬೇಡವೆಂದರು. ಕೊನೆಗೆ ಅವರು ಮೊದಲ ದಿನ ಹೇಳಿದ್ದೇ ದಾರಿ ತೋರಿಸಿತು. ಕನ್ನಡದಲ್ಲಿ ‘ನಾನು ಬಂದೆ’ ಎಂದರೆ ಬಂದವರು ಗಂಡೋ ಹೆಣ್ಣೋ ತಿಳಿಯದು. ‘ನೀನು ಬಂದೆಯಾ’ ಎಂದರೂ ತಿಳಿಯದು. ‘ಅವರು ಬಂದರು’ ಎಂದರೆ ಗೌರವವೂ ಆಯಿತು, ಭೇದವೂ ಇಲ್ಲ. ಸಿಕ್ಕಿಬೀಳುವುದು ಮುಖ್ಯವಾಗಿ ಎರಡು ಕಡೆ: ಅವನು, ಅವಳು ಎಂದಾಗ, ಬಾರೋ, ಬಾರೇ ಎಂದಾಗ. ಶಿಕ್ಷಕರು ದಿನಕ್ಕೆ ನೂರು ಬಾರಿ ಆಡುವುದು ಈ ಎರಡನೆಯದನ್ನು. ಸಿಬ್ಬಂದಿ ಸಭೆಯಲ್ಲಿ ನಾನು ಯಾವ ಮಗುವಿನ ಹೆಸರೂ ಎತ್ತದೆ, ಇನ್ನು ಮುಂದೆ ತರಗತಿಯಲ್ಲಿ ಯಾರನ್ನೂ ಓ, ಏ ಹಚ್ಚಿ ಕರೆಯುವುದು ಬೇಡ, ಹೆಸರು ಹಿಡಿದು ‘ಬಾ’, ‘ಹೇಳು’, ‘ನಿಲ್ಲು’ ಎನ್ನೋಣ ಎಂದೆ. ಬದಲಿ ಶಿಕ್ಷಕರಿಗೆ ಕೊಡುವ ಪಟ್ಟಿಯಲ್ಲಿ ಎಲ್ಲ ಮಕ್ಕಳದ್ದೂ ಕರೆಯುವ ಹೆಸರು ಮತ್ತು ಕ್ರಮಸಂಖ್ಯೆ ಮಾತ್ರ ಇರುವಂತೆ ಮಾಡಿದೆವು. ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಬಂದಾಗ ಹುಡುಗರ ಸಾಲು, ಹುಡುಗಿಯರ ಸಾಲು ಎಂದು ಮಾಡದೆ ಕ್ರಮಸಂಖ್ಯೆಯ ಪ್ರಕಾರ ಒಬ್ಬೊಬ್ಬರನ್ನೇ ಒಳಗೆ ಕಳಿಸಿದೆವು. ಹಿರಿಯ ಕನ್ನಡ ಪಂಡಿತರೊಬ್ಬರು ‘ಬಾರೋ’ ಎನ್ನುವುದರಲ್ಲಿ ಪ್ರೀತಿ ಇದೆ, ಅದನ್ನು ಕಿತ್ತುಕೊಳ್ಳುತ್ತಿದ್ದೀರಿ ಎಂದು ನೊಂದುಕೊಂಡರು. ಅವರ ಮಾತಿನಲ್ಲಿ ನಿಜವಿತ್ತು. ನಿವೃತ್ತರಾಗುವವರೆಗೂ ಅವರು ‘ಬಾರೋ’ ಎಂದೇ ಕರೆದರು, ಕಿರಣಳನ್ನು ಬಿಟ್ಟು. ಅವರಿಗೆ ಯಾರೂ ಹೇಳಿರಲಿಲ್ಲ. ಕಂಡುಕೊಂಡಿದ್ದರು.

ಒಬ್ಬ ತಂದೆ, ಇನ್ನೊಬ್ಬ ತಂದೆ

ಮೌನದಿಂದ ಎಲ್ಲವೂ ಆಗುವುದಿಲ್ಲ. ಒಂಬತ್ತನೆಯ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳ ತಂದೆ ಕೋಪದಿಂದ ಬಂದರು. “ಹುಡುಗಿಯರ ಶೌಚಾಲಯಕ್ಕೆ ಹುಡುಗನನ್ನು ಬಿಡುತ್ತಿದ್ದೀರಂತೆ?” ಎಂದರು. ಅವರನ್ನು ಕೂರಿಸಿ, ಎಲ್ಲ ಶೌಚಾಲಯಗಳನ್ನೂ ತೋರಿಸಿದೆ: ಬಾಗಿಲು, ಚಿಲಕ, ಯಾರ ಮೇಲ್ವಿಚಾರಣೆ. ಆಮೇಲೆ, “ಯಾವ ಮಗುವಿನ ವಿಷಯವನ್ನೂ ಇನ್ನೊಂದು ಮಗುವಿನ ಪೋಷಕರ ಮುಂದೆ ನಾನು ಮಾತಾಡುವುದಿಲ್ಲ. ನಾಳೆ ನಿಮ್ಮ ಮಗಳ ಬಗ್ಗೆ ಯಾರಾದರೂ ಬಂದು ಕೇಳಿದರೂ ಇದೇ ಉತ್ತರ ಕೊಡುತ್ತೇನೆ” ಎಂದೆ. ಅವರು ಪೂರ್ತಿ ಒಪ್ಪಲಿಲ್ಲ. ಆದರೆ ಹುಡುಗಿಯರ ಶೌಚಾಲಯದಲ್ಲಿ ಒಂದು ಬಲ್ಬು ಇಲ್ಲದ್ದನ್ನು ತೋರಿಸಿ, ಅದನ್ನು ಹಾಕಿಸಿ ಎಂದು ಹೇಳಿ ಹೋದರು. ಹಾಕಿಸಿದೆ.

ಕಷ್ಟವಾದದ್ದು ಕಿರಣಳ ತಂದೆಯ ವಿಷಯ. ಒಂಬತ್ತನೆಯ ತರಗತಿಯ ನಡುವೆ ಕಿರಣ ಚೂಡಿದಾರ್ ಹಾಕಬೇಕು ಎಂದಳು. ಸುತ್ತೋಲೆಯ ಪ್ರಕಾರ ಹಾಕಬಹುದಿತ್ತು. ಆದರೆ ತಂದೆಗೆ ತಿಳಿಯಬಾರದು, ಮನೆಯಿಂದ ಟ್ರ್ಯಾಕ್ ಪ್ಯಾಂಟಿನಲ್ಲಿ ಬಂದು ಶಾಲೆಯಲ್ಲಿ ಬದಲಿಸುತ್ತೇನೆ ಎಂದಳು. ತಾಯಿಯೂ ಅದನ್ನೇ ಕೇಳಿದರು. ನಾನು ಒಪ್ಪಲಿಲ್ಲ. ಯಾರಾದರೂ ಒಬ್ಬರು ದಾರಿಯಲ್ಲಿ ತಂದೆಯನ್ನು ಕಂಡು ‘ನಿಮ್ಮ ಮಗಳು’ ಎಂದುಬಿಟ್ಟರೆ ಆ ರಾತ್ರಿ ಮನೆಯಲ್ಲಿ ಇರುವುದು ನಾನಲ್ಲ, ಮಗು. ಕಿರಣ ಒಂದು ತಿಂಗಳು ನನ್ನ ಮುಖ ನೋಡಲಿಲ್ಲ. ನಾನು ಸರಿಯಾದದ್ದನ್ನು ಮಾಡಿದೆನೋ, ಅಪಾಯ ತಪ್ಪಿಸಿಕೊಳ್ಳಲು ಮಗುವಿನ ಆಸೆಯನ್ನು ಬಲಿಕೊಟ್ಟೆನೋ ಎಂಬ ಪ್ರಶ್ನೆ ಈಗಲೂ ಹಾಗೆಯೇ ಇದೆ.

ತಂದೆ ಶಾಲೆಗೆ ಬರಲೇಬೇಕಾದ ಸಂದರ್ಭ ತಾನಾಗಿಯೇ ಬಂದಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಹೋಗುವ ಹೆಸರು ಶಾಲೆಯ ದಾಖಲೆಯಿಂದ ಹೋಗುತ್ತದೆ. ಮುಂದೆ ಕಾಲೇಜು, ಪಾಸ್‌ಪೋರ್ಟ್, ನೌಕರಿ ಎಲ್ಲದರಲ್ಲೂ ಅದೇ ಬೆನ್ನುಹತ್ತುತ್ತದೆ, ನಂತರ ತಿದ್ದುವುದು ಬಹಳ ದೊಡ್ಡ ಅಲೆದಾಟ. ಹತ್ತನೆಯ ತರಗತಿಯ ವಿದ್ಯಾರ್ಥಿಗಳ ಪಟ್ಟಿ ಪರೀಕ್ಷಾ ಮಂಡಳಿಗೆ ಹೋಗುವ ಮುನ್ನ ತಿದ್ದುಪಡಿಯಾಗಬೇಕು. ಅದಕ್ಕೆ ಪೋಷಕರ ಅರ್ಜಿ, ಪ್ರಮಾಣಿತ ಹೇಳಿಕೆ, ಆಧಾರ್ ನಕಲು ಸೇರಿಸಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಪ್ರಸ್ತಾವ ಕಳಿಸಬೇಕು. ನಾವು ಒಂಬತ್ತನೆಯ ತರಗತಿಯ ಕೊನೆಯಲ್ಲೇ ಶುರು ಮಾಡಿದೆವು.

ಲಿಂಗದ ಕಲಂ ಏನು ಮಾಡುವುದು? ಆಗ ಜಾರಿಯಲ್ಲಿದ್ದ ನಿಯಮದಂತೆ ಜಿಲ್ಲಾಧಿಕಾರಿಗಳು ಕೊಡುವ ಮೊದಲ ಪ್ರಮಾಣಪತ್ರದಲ್ಲಿ ‘ಟ್ರಾನ್ಸ್‌ಜೆಂಡರ್’ ಎಂದೇ ಬರುತ್ತಿತ್ತು. ಹೆಣ್ಣು ಎಂದು ಬರಲು ಶಸ್ತ್ರಚಿಕಿತ್ಸೆಯ ದಾಖಲೆ ಕೇಳುತ್ತಿದ್ದರು. ಆಧಾರ್‌ನಲ್ಲಿ ಲಿಂಗ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ಹದಿನೈದರ ವಯಸ್ಸಿನಲ್ಲಿ ಆ ಒಂದು ಅವಕಾಶವನ್ನು ಖರ್ಚು ಮಾಡುವುದು ಬೇಡ, ಹದಿನೆಂಟಾದ ಮೇಲೆ ಕಿರಣಳೇ ತೀರ್ಮಾನಿಸಲಿ ಎಂದು ನಿಂತೆವು. ಕಲಂ ಹಾಗೆಯೇ ಉಳಿಯಿತು. ಹೆಸರು ಮಾತ್ರ.

ತಂದೆ ಬಂದರು, ಕೈಯಲ್ಲಿ ಹೆಲ್ಮೆಟ್. ಕುಳಿತುಕೊಳ್ಳಲಿಲ್ಲ. ಅರ್ಜಿಯಲ್ಲಿ ಇದ್ದದ್ದು ಇಷ್ಟೇ: ‘ಕಿರಣ್ ಕುಮಾರ್ ಎಸ್.’ ಎಂಬುದನ್ನು ‘ಕಿರಣ ಎಸ್.’ ಎಂದು ತಿದ್ದಬೇಕು. ನಾನು ಕಾರಣ ವಿವರಿಸಲು ಹೊರಟೆ. ಅವರು ಕೈ ಅಡ್ಡ ಹಿಡಿದರು. ಕಾಗದವನ್ನು ಬಹಳ ಹೊತ್ತು ನೋಡಿದರು. “ಎಸ್. ಉಳಿಯುತ್ತದಲ್ಲ?” ಎಂದರು. ಅದು ಅವರ ಹೆಸರಿನ ಮೊದಲಕ್ಷರ. ಉಳಿಯುತ್ತದೆ ಎಂದೆ. ಸಹಿ ಮಾಡಿದರು. ಬಾಗಿಲ ಬಳಿ ನಿಂತು, ನನ್ನ ಕಡೆ ತಿರುಗದೆಯೇ, “ಚೂಡಿದಾರ್ ವಿಷಯ ಅವರಮ್ಮ ಹೇಳಿದಳು. ಮನೆಯಿಂದಲೇ ಹಾಕಿಕೊಂಡು ಬರಲಿ. ದಾರಿಯಲ್ಲಿ ಬದಲಿಸುವುದೆಲ್ಲ ಬೇಡ” ಎಂದರು.

ಹತ್ತನೆಯ ತರಗತಿ ಅವಳು ಚೂಡಿದಾರ್‌ನಲ್ಲೇ ಓದಿದಳು. ಮೊದಲ ವಾರ ಪಿಸುಮಾತು ಇತ್ತು. ಇಬ್ಬರು ಹುಡುಗರನ್ನು ಕರೆದು ಮಾತಾಡಬೇಕಾಯಿತು, ಒಬ್ಬನ ಪೋಷಕರನ್ನೂ ಕರೆಸಬೇಕಾಯಿತು. ಅವಳ ಸುತ್ತ ಆಗಲೇ ನಾಲ್ಕೈದು ಗೆಳತಿಯರಿದ್ದರು, ಏಳನೆಯ ತರಗತಿಯ ಆ ಹಳೆಯ ನಾಲ್ವರಲ್ಲಿ ಇಬ್ಬರು ಅದರಲ್ಲಿದ್ದರು. ಅವರು ಯಾವ ಶೌಚಾಲಯಕ್ಕೆ ಒಟ್ಟಿಗೆ ಹೋಗುತ್ತಿದ್ದರು ಎಂದು ನಾನು ವಿಚಾರಿಸಲಿಲ್ಲ. ಯಾರೂ ದೂರು ತರಲಿಲ್ಲ.

2025ರ ಮಾರ್ಚ್‌ನಲ್ಲಿ ಪ್ರವೇಶ ಪತ್ರ ಬಂದಿತು. ಹೆಸರು ಸರಿಯಾಗಿತ್ತು, ಲಿಂಗದ ಜಾಗದಲ್ಲಿ ಹಳೆಯದೇ. ಪರೀಕ್ಷಾ ಕೇಂದ್ರ ಬೇರೆ ಶಾಲೆ. ಅಲ್ಲಿಯ ಮುಖ್ಯ ಅಧೀಕ್ಷಕರಿಗೆ ಫೋನ್ ಮಾಡಿ, ಪ್ರವೇಶ ಪತ್ರದ ಬಗ್ಗೆ ಬಾಗಿಲಲ್ಲಿ ಪ್ರಶ್ನೆ ಎದ್ದರೆ ಮಗುವನ್ನು ಕೇಳದೆ ನನಗೆ ಕರೆ ಮಾಡಿ ಎಂದು ಕ್ರಮಸಂಖ್ಯೆ ಕೊಟ್ಟೆ. ಆಮೇಲೆ, ನಿಮ್ಮಲ್ಲಿ ಇಳಿಜಾರಿನ ಶೌಚಾಲಯ ಇದೆಯೇ ಎಂದು ಕೇಳಿದೆ.

“ಇದೆ ಮೇಡಂ. ಬೀಗ ಹಾಕಿದೆ. ಯಾಕೆ?”

“ಆರು ದಿನ ತೆಗೆದಿಡಿ” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೈ ಯಾರ ಹತ್ತಿರ ಇದೆಯೋ ಹುಡುಕಿಸಬೇಕು” ಎಂದರು.